ಗ್ರೂಪ್ ಫೋಟೋ, ಹಿಂದಿನ ಗೋಡೆ ಮತ್ತು ಅಕ್ಕನ ಪತ್ರ

ಮೊನ್ನೆ ಭಾನುವಾರ ಬೆಳಿಗ್ಗೆ ಇನ್ನೂ ಹಾಸಿಗೆ ಬಿಟ್ಟಿರಲಿಲ್ಲ, ತುಮಕೂರಿನಿಂದ ಅಕ್ಕನ ಫೋನು. "ಲೋ, ಒಂದು ಪತ್ರ ಕಳಿಸಿದೀನಿ, ಓದಿ ತಿದ್ದಿ ಕೊಡೋ. ನೀನು ಏನೇನೋ ಬರೀತಿರ್ತೀಯಲ್ಲ, ಇದಕ್ಕಾದ್ರೂ ಉಪಯೋಗ ಆಗ್ಲಿ" ಅಂದಳು. ನನ್ನ ಬರವಣಿಗೆಗೆ ಮನೆಯಲ್ಲಿ ಸಿಕ್ಕಿರುವ ಗೌರವ ಇಷ್ಟೇ ನೋಡಿ.

ಪತ್ರ ಯಾರಿಗೆ ಅಂದರೆ ಶಾಲೆಯ ಫೋಟೋಗ್ರಾಫರಿಗೆ. ಅಕ್ಕನ ಮಗ ಮೂರನೇ ಕ್ಲಾಸು. ವಾರದ ಹಿಂದೆ ಅವರ ತರಗತಿಯ ಗ್ರೂಪ್ ಫೋಟೋ ತೆಗೆದಿದ್ದರು. ಪ್ರಿಂಟ್ ಹಾಕಿಸುವ ಮುಂಚೆ ಪೋಷಕರ ವಾಟ್ಸಾಪ್ ಗುಂಪಿಗೆ ಪ್ರೂಫ್ ಬಂದಿತ್ತು. ಅದನ್ನು ನೋಡಿ ಅಕ್ಕನಿಗೆ ತಡೆಯಲಾಗಿಲ್ಲ. ಅವಳು ಬರೆದದ್ದು ಹೀಗಿತ್ತು:

"ಮಾನ್ಯರೇ, ಮೂರನೇ ತರಗತಿಯ ಫೋಟೋದ ಹಿನ್ನೆಲೆ ತುಂಬಾ ಗಲೀಜಾಗಿ ಬಂದಿದೆ. ಮುರಿದ ಬೆಂಚು, ಬೈಕು, ಡ್ರಮ್ಮು, ಒಣಗಲು ಹಾಕಿದ ಬಟ್ಟೆ ಎಲ್ಲಾ ಕಾಣುತ್ತಿದೆ. ದಯವಿಟ್ಟು ಹಿನ್ನೆಲೆಯನ್ನು ಪೂರ್ತಿ ತೆಗೆದು ಒಳ್ಳೆಯ ಗಾರ್ಡನ್ ಅಥವಾ ಪ್ಲೇನ್ ಬಣ್ಣ ಹಾಕಿ ಕೊಡಬೇಕಾಗಿ ವಿನಂತಿ."

ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಕಳಿಸು ಅಂದೆ. ಮಧ್ಯಾಹ್ನದ ಹೊತ್ತಿಗೆ ಫೋಟೋಗ್ರಾಫರ್ ಪಾಪ, ಹಿನ್ನೆಲೆ ಬದಲಾಯಿಸಿದ ಒಂದು ಸ್ಯಾಂಪಲ್ ಮಾಡಿ ಕಳಿಸಿಯೂ ಬಿಟ್ಟರು. ಅದನ್ನು ನೋಡಿದ ಮೇಲೆ ನನಗೆ ಅನ್ನಿಸಿದ್ದು, ಪತ್ರದಲ್ಲಿ ತಿದ್ದಬೇಕಿದ್ದದ್ದು ವ್ಯಾಕರಣ ಅಲ್ಲ, ಬೇಡಿಕೆಯನ್ನೇ. ಇಂಥ ಪತ್ರ ಬರೆಯುವ ಅಪ್ಪ ಅಮ್ಮಂದಿರು ಈಗ ಊರಿಗೆ ಹತ್ತು ಜನ ಇದ್ದಾರೆ. ಅವರು ಕೇಳಬೇಕಾದ್ದು "ಹಿನ್ನೆಲೆ ಬದಲಿಸಿ" ಅಂತ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಕೊರೆತ ಅನ್ನಿಸಿದರೆ ಕ್ಷಮಿಸಿ.

ಮೊದಲು ಒರಿಜಿನಲ್ ಫೋಟೋ ಹೇಗಿತ್ತು ಅಂತ ಹೇಳಬೇಕು. ಒಟ್ಟು 42 ಮಕ್ಕಳು, ನಾಲ್ಕು ಸಾಲು. ಮುಂದಿನವರು ಜಮಖಾನದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದಾರೆ. ಎರಡನೇ ಸಾಲಿನಲ್ಲಿ ಕುರ್ಚಿಗಳು, ನಡುವೆ ಟೀಚರ್. ಮೂರನೇ ಸಾಲು ನೆಲದ ಮೇಲೆ ನಿಂತಿದೆ, ನಾಲ್ಕನೆಯದು ಬೆಂಚಿನ ಮೇಲೆ. ಅವರ ಹಿಂದೆ ಹಳದಿ ಸುಣ್ಣದ ಗೋಡೆ. ಗೋಡೆಯ ಮಧ್ಯದಲ್ಲಿ ಸ್ಟೋರ್ ರೂಮಿನ ಬಾಗಿಲು ತೆರೆದಿದೆ, ಒಳಗೆ ಕಾಲು ಮುರಿದ ಬೆಂಚುಗಳ ರಾಶಿ. ಮಕ್ಕಳ ತಲೆಯಿಂದ ಒಂದು ಮೊಳ ಮೇಲೆ ಹಗ್ಗ ಕಟ್ಟಿ ನೆಲ ಒರೆಸುವ ಬಟ್ಟೆ ನೇತು ಹಾಕಿದ್ದಾರೆ, ಅದರ ಪಕ್ಕ ವಾರ್ಷಿಕೋತ್ಸವದ ಬ್ಯಾನರು ಅರ್ಧ ಹರಿದು ಜೋತಾಡ್ತಿದೆ. ಎಡಗಡೆ ಯಾರದೋ ಬೈಕು. ಬಲಗಡೆ ಕೊನೆಯಲ್ಲಿ ನೀಲಿ ಡ್ರಮ್ಮು. ಡ್ರಮ್ಮಿಗೂ ಮಕ್ಕಳಿಗೂ ನಡುವೆ, ಮೆಟ್ಟಿಲ ಮೇಲೆ, ಪೊರಕೆ ಪಕ್ಕಕ್ಕಿಟ್ಟು ಕೂತಿರುವ ಒಬ್ಬ ಹೆಂಗಸು. ಕ್ಯಾಮರಾ ಕಡೆಗೇ ನೋಡ್ತಾ ನಗ್ತಿದ್ದಾರೆ. ಅಕ್ಕ ಫೋನಿನಲ್ಲಿ ಅವರನ್ನೂ ಗಲೀಜಿನ ಲೆಕ್ಕಕ್ಕೇ ಸೇರಿಸಿದ್ದಳು. "ಹಿಂದೆ ಯಾರೋ ಬೇರೆ ಕೂತಿದಾರೆ ನೋಡು" ಅಂತ.

ಇನ್ನು ಬದಲಿಸಿದ ಫೋಟೋ. ಮಕ್ಕಳೆಲ್ಲ ಒಂದು ಹಚ್ಚನೆ ಪಾರ್ಕಿನಲ್ಲಿದ್ದಾರೆ, ಹಿಂದೆ ಹೂವು, ಹುಲ್ಲು, ನೀಲಿ ಆಕಾಶ. ಫೋನಿನಲ್ಲಿ ಚಿಕ್ಕದಾಗಿ ನೋಡಿದರೆ "ಅಬ್ಬಾ, ಎಷ್ಟು ಚೆನ್ನಾಗಿದೆ" ಅನ್ನಿಸುತ್ತೆ. ಬೆರಳಿನಿಂದ ದೊಡ್ಡದು ಮಾಡಿದಾಗ ಬಣ್ಣ ಬಯಲಾಗೋದು. ಹಿಂದಿನ ಸಾಲಿನ ಎಲ್ಲರ ತಲೆಯ ಸುತ್ತ ಒಂದು ಹಳದಿ ಪ್ರಭಾವಳಿ, ದೇವರ ಪಟದಲ್ಲಿ ಇರುತ್ತಲ್ಲ ಹಾಗೆ. ಎರಡು ಜಡೆ ಹಾಕಿದ್ದ ಹುಡುಗಿಯ ಒಂದು ಕಡೆಯ ಕೆಂಪು ಟೇಪು ಮಾಯ. ಸ್ಟೋರ್ ರೂಮಿನ ಕತ್ತಲೆ ಬಾಗಿಲ ಮುಂದೆ ನಿಂತಿದ್ದ ಇಬ್ಬರ ತಲೆ ಮೇಲ್ಗಡೆ ಚಪ್ಪಟೆ, ಯಾರೋ ಕತ್ತಿಯಲ್ಲಿ ಸವರಿದ ಹಾಗೆ. ಇಬ್ಬರ ಕುತ್ತಿಗೆಗಳ ನಡುವೆ ಮಾತ್ರ ಹಳೇ ಹಳದಿ ಗೋಡೆಯ ಒಂದು ತ್ರಿಕೋನ ಹಾಗೇ ಉಳಿದಿದೆ. ಅಳಿಯ ಬಂದು ಇಣುಕಿ ನೋಡಿ ಕೇಳಿದ್ದು ಒಂದೇ ಪ್ರಶ್ನೆಯಂತೆ, "ಅಮ್ಮಾ, ಆಯಮ್ಮ ಎಲ್ಲಿ?"

ಫೋಟೋಗ್ರಾಫರನ್ನು ಬೈಯಬೇಡಿ. ಬಸ್ ಸ್ಟ್ಯಾಂಡ್ ಹತ್ತಿರ ಸ್ಟುಡಿಯೋ ಇಟ್ಟುಕೊಂಡಿರುವ ಹಿರಿಯರು, ಭಾನುವಾರವೂ ಕೂತು ಕೆಲಸ ಮಾಡಿದ್ದಾರೆ. ನಾವು ಕೇಳಿದ್ದೇ ಅಂಥದ್ದು. ಅದು ಎಷ್ಟು ಕಷ್ಟದ ಕೆಲಸ ಅಂತ ಒಂದು ಸಣ್ಣ ಲೆಕ್ಕ ಹಾಕಿದರೆ ಗೊತ್ತಾಗುತ್ತೆ. ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಮಾಡಬೇಡವೇ?

ಅವರ ಕ್ಯಾಮರಾ 24 ಮೆಗಾಪಿಕ್ಸೆಲ್, ಅಂದರೆ ಫೋಟೋದ ಅಗಲ 6000 ಪಿಕ್ಸೆಲ್, ಎತ್ತರ 4000. ಮಕ್ಕಳ ಸಾಲು ಸುಮಾರು 5 ಮೀಟರ್ ಅಗಲ, ಎರಡೂ ಪಕ್ಕದ ಜಾಗ ಸೇರಿ ಫೋಟೋದಲ್ಲಿ 7.2 ಮೀಟರ್ ಬಂದಿದೆ ಅಂದುಕೊಳ್ಳಿ. ಭಾಗಿಸಿದರೆ ಒಂದು ಪಿಕ್ಸೆಲ್‌ಗೆ 1.2 ಮಿಲಿಮೀಟರ್. ಮನುಷ್ಯನ ಕೂದಲಿನ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಂದರೆ ಒಂದು ಪಿಕ್ಸೆಲ್ಲಿನ ಅಗಲದಲ್ಲಿ ಹತ್ತು ಹನ್ನೆರಡು ಕೂದಲು ಒತ್ತೊತ್ತಾಗಿ ಕೂರಬಹುದು. ಹಾಗಾಗಿ ತಲೆಯ ಅಂಚಿನಲ್ಲಿ "ಇದು ಕೂದಲಿನ ಪಿಕ್ಸೆಲ್, ಇದು ಗೋಡೆಯ ಪಿಕ್ಸೆಲ್" ಅಂತ ಗೆರೆ ಎಳೆಯೋಕೆ ಆಗಲ್ಲ. ಅಲ್ಲಿರುವುದೆಲ್ಲ ಎರಡೂ ಬೆರೆತ ಪಿಕ್ಸೆಲ್ಲುಗಳೇ. ಕಾಫಿಗೆ ಹಾಲು ಬೆರೆಸಿದ ಮೇಲೆ ಡಿಕಾಕ್ಷನ್ ಮಾತ್ರ ವಾಪಸ್ ಕೊಡಿ ಅಂದ ಹಾಗೆ.

ಇದನ್ನೇ ಬೀಜಗಣಿತದಲ್ಲಿ ಹೀಗೆ ಬರೀತಾರೆ:

```
C = αF + (1 − α)B
```

C ಅಂದರೆ ಫೋಟೋದಲ್ಲಿ ಕಾಣುವ ಬಣ್ಣ, F ಅಂದರೆ ಕೂದಲಿನ ನಿಜವಾದ ಬಣ್ಣ, B ಅಂದರೆ ಗೋಡೆಯ ಬಣ್ಣ, α ಅಂದರೆ ಆ ಪಿಕ್ಸೆಲ್ಲಿನಲ್ಲಿ ಕೂದಲಿನ ಪಾಲು ಎಷ್ಟು ಅನ್ನೋದು. ಒಂದು ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಅಂತ ಮೂರು ಸಂಖ್ಯೆ ಇರುತ್ತೆ. ಆದ್ದರಿಂದ ನಮಗೆ ಸಿಗುವುದು ಮೂರು ಸಮೀಕರಣ. ಗೋಡೆಯ ಬಣ್ಣ ಗೊತ್ತಿದೆ ಅಂತಲೇ ಇಟ್ಟುಕೊಂಡರೂ, ಗೊತ್ತಿಲ್ಲದ್ದು ನಾಲ್ಕು ಉಳಿಯುತ್ತೆ: F ನ ಮೂರು ಮತ್ತು ಒಂದು α. ಮೂರು ಸಮೀಕರಣ, ನಾಲ್ಕು ಅಜ್ಞಾತ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು ಹೇಳಿದ್ದು ನೆನಪಿದ್ದರೆ, ಇದಕ್ಕೆ ಒಂದೇ ಉತ್ತರ ಅಂತ ಇಲ್ಲ. ಯಾವ ತಂತ್ರಾಂಶವಾದರೂ ಅಕ್ಕಪಕ್ಕ ನೋಡಿ ಊಹೆ ಮಾಡಬೇಕು. ಊಹೆ ತಪ್ಪಿದ ಕಡೆ ಹಳೇ ಗೋಡೆಯ ಬಣ್ಣ ಕೂದಲಿಗೆ ಅಂಟಿಕೊಂಡೇ ಬರುತ್ತೆ. ಹಿಂದೆ ಹಳದಿ ಗೋಡೆ ಇದ್ದಾಗ ಅರ್ಧ ಕೂದಲು ಅರ್ಧ ಗೋಡೆ ಇದ್ದ ಪಿಕ್ಸೆಲ್ ಕಂದು ಹಳದಿಯಾಗಿ ಕಾಣೋದು ಸಹಜ. ಅದನ್ನೇ ಎತ್ತಿ ನೀಲಿ ಆಕಾಶದ ಮುಂದೆ ಇಟ್ಟರೆ? ಅದೇ ಪ್ರಭಾವಳಿ.

ಸಿನಿಮಾದವರು ಹಸಿರು ಬಟ್ಟೆ ಕಟ್ಟಿ ಶೂಟ್ ಮಾಡೋದು ಇದಕ್ಕೇ. ಹಿಂದಿನ ಬಣ್ಣ ಎಲ್ಲಾ ಕಡೆ ಒಂದೇ ಆಗಿ, ಚರ್ಮ ಕೂದಲಿನ ಬಣ್ಣಕ್ಕಿಂತ ಪೂರ್ತಿ ಬೇರೆಯಾಗಿದ್ದರೆ ಊಹೆ ಸುಲಭ. ನಮ್ಮ ಫೋಟೋದಲ್ಲಿ ಹಿಂದೆ ಇದ್ದದ್ದು ಒಂದು ಕಡೆ ಬಿಸಿಲು ಬಿದ್ದ ಹಳದಿ, ಇನ್ನೊಂದು ಕಡೆ ನೆರಳು, ನಡುವೆ ಕತ್ತಲೆ ಬಾಗಿಲು. ಕಪ್ಪು ಬಾಗಿಲ ಮುಂದೆ ಕಪ್ಪು ಕೂದಲು ಬಂದಾಗ ತಲೆ ಎಲ್ಲಿ ಮುಗೀತು ಅಂತ ಮನುಷ್ಯನ ಕಣ್ಣಿಗೇ ಗೊತ್ತಾಗಲ್ಲ. ಚಪ್ಪಟೆ ತಲೆಯ ರಹಸ್ಯ ಅಷ್ಟೇ.

ಅಂಚನ್ನೆಲ್ಲ ಯಾರೋ ಪುಣ್ಯಾತ್ಮರು ದಿನವಿಡೀ ಕೂತು ಸರಿಮಾಡಿದರು ಅಂತಲೇ ಇಟ್ಟುಕೊಳ್ಳೋಣ. ಆಗಲೂ ಆ ಪಾರ್ಕು ಸುಳ್ಳು ಅಂತ ಕಾಣ್ತಿತ್ತು. ಇದನ್ನು ಹಿಡಿಯೋಕೆ ಒಂದು ಸುಲಭದ ಉಪಾಯ ಇದೆ. ಸಮತಟ್ಟಾದ ಜಾಗದಲ್ಲಿ ಫೋಟೋ ತೆಗೆದಾಗ, ದೂರದಲ್ಲಿ ನೆಲ ಮುಗಿದು ಆಕಾಶ ಶುರುವಾಗುವ ಗೆರೆ ಯಾವಾಗಲೂ ಕ್ಯಾಮರಾದ ಎತ್ತರಕ್ಕೇ ಬರುತ್ತೆ. ಕ್ಯಾಮರಾ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ, ಫೋಟೋದಲ್ಲಿ ನಿಂತಿರುವವರ ಮೈಮೇಲೆ ಒಂದೂವರೆ ಮೀಟರ್ ಎತ್ತರ ಎಲ್ಲಿದೆಯೋ ಆ ಗೆರೆ ಅವರ ಹಿಂದೆ ಅಲ್ಲೇ ಹಾದುಹೋಗಬೇಕು. ಬೆಂಚಿನ ಮೇಲೆ ನಿಂತ ನಮ್ಮ ಹಿಂದಿನ ಸಾಲಿಗೆ ಅದು ಕುತ್ತಿಗೆ ಹತ್ತಿರ ಬರಬೇಕಿತ್ತು. ಆದರೆ ಆ ಪಾರ್ಕಿನ ಚಿತ್ರವನ್ನು ಯಾರೋ ಇನ್ಯಾವುದೋ ಎತ್ತರದಿಂದ ತೆಗೆದಿದ್ದರು. ಹುಲ್ಲು ಮುಗಿಯುವ ಗೆರೆ ಮಕ್ಕಳ ತಲೆಗಿಂತ ಒಂದಡಿ ಮೇಲಿತ್ತು. ಹಾಗಾಗಿ 42 ಮಕ್ಕಳೂ ಯಾವುದೋ ಹಳ್ಳಕ್ಕೆ ಇಳಿದು ನಿಂತ ಹಾಗೆ ಕಾಣ್ತಿದ್ದರು. ಜೊತೆಗೆ ಮಕ್ಕಳ ಮುಖಕ್ಕೆ ಬೆಳಕು ಎಡದಿಂದ, ಪಾರ್ಕಿನ ಮರಗಳಿಗೆ ಬಲದಿಂದ. ನೋಡಿದವರಿಗೆ "ಏನೋ ಸರಿಯಿಲ್ಲ" ಅನ್ನಿಸುತ್ತೆ, ಏನು ಅಂತ ಹೇಳೋಕೆ ಬರಲ್ಲ ಅಷ್ಟೇ.

"ಹೋಗ್ಲಿ, ಹಿಂದೆ ಇರೋದನ್ನ ಮಸುಕು ಮಾಡಿ ತೆಗೀಬಹುದಿತ್ತಲ್ಲ? ಮದುವೆ ಫೋಟೋದಲ್ಲಿ ಮಾಡ್ತಾರಲ್ಲ" ಅಂತ ಭಾವ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಮದುವೆಯಲ್ಲಿ ಮಸುಕು ಬರೋದು ಇಬ್ಬರನ್ನು ತೆಗೆಯುವಾಗ. ನಾಲ್ಕು ಸಾಲಿನ ಮಕ್ಕಳಲ್ಲಿ ಮುಂದಿನವರೂ ಹಿಂದಿನವರೂ ಸ್ಪಷ್ಟವಾಗಿ ಬರಬೇಕು ಅಂದರೆ ಲೆನ್ಸಿನ ಬಾಯಿ ಚಿಕ್ಕದು ಮಾಡಬೇಕು, ಸಾಮಾನ್ಯವಾಗಿ ಎಫ್ 8 ಇಡ್ತಾರೆ. ಫುಲ್ ಫ್ರೇಮ್ ಕ್ಯಾಮರಾಕ್ಕೆ 35 ಮಿಲಿಮೀಟರ್ ಲೆನ್ಸ್ ಹಾಕಿ, ಎಫ್ 8 ಇಟ್ಟು, 7 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಸುಮಾರು 3 ಮೀಟರಿನಿಂದ ಹಿಡಿದು ಕಣ್ಣು ಹಾಯುವಷ್ಟು ದೂರದವರೆಗೂ ಎಲ್ಲ ಸ್ಪಷ್ಟವಾಗಿ ಬರುತ್ತೆ. ಗೋಡೆ ಒಂದು ಮೀಟರ್ ಹಿಂದಿರಲಿ, ಇಪ್ಪತ್ತು ಮೀಟರ್ ಹಿಂದಿರಲಿ, ಬ್ಯಾನರಿನ ಅಕ್ಷರ ಓದಬಹುದು. ಕಡೇ ಸಾಲಿನ ಮಗುವಿನ ಮುಖ ಚೆನ್ನಾಗಿ ಬರಲಿ ಅಂತ ಮಾಡಿದ್ದೇ ಒರೆಸುವ ಬಟ್ಟೆಯನ್ನೂ ಚೆನ್ನಾಗಿ ತೋರಿಸಿತು. ಗ್ರೂಪ್ ಫೋಟೋದಲ್ಲಿ ಗಲೀಜು ತಪ್ಪಿಸೋಕೆ ಇರೋದು ಒಂದೇ ದಾರಿ, ಬಟನ್ ಒತ್ತುವ ಮುಂಚೆ ನಾಲ್ಕೂ ಮೂಲೆ ನೋಡಿ ಬೈಕು ತಳ್ಳಿಸೋದು. ಆ ಹೊತ್ತು ಆಗಲೇ ಕಳೆದುಹೋಗಿತ್ತು.

ಇಷ್ಟು ಹೊತ್ತಿಗೆ ನಾನೂ ಲ್ಯಾಪ್‌ಟಾಪ್ ತೆಗೆದು ಕೂತಿದ್ದೆ. ಫೋಟೋವನ್ನು ಸರಿಯಾಗಿ ನೋಡಿದಾಗ ಒಂದು ವಿಷಯ ಹೊಳೀತು. ನಾಲ್ಕು ಸಾಲಿನ ಗ್ರೂಪ್ ಫೋಟೋದಲ್ಲಿ ಹಿನ್ನೆಲೆ ಕಾಣುವುದೇ ಮೂರು ಕಡೆ: ಎಡ, ಬಲ ಮತ್ತು ಕಡೇ ಸಾಲಿನ ತಲೆಗಳ ಮೇಲೆ. ಬಾಕಿ ಎಲ್ಲಾ ಕಡೆ ಮಕ್ಕಳ ಹಿಂದೆ ಮಕ್ಕಳೇ. ಹಾಗಿದ್ದ ಮೇಲೆ 42 ಮಕ್ಕಳನ್ನು ಕತ್ತರಿಸಿ ಬೇರೆ ಕಡೆ ಅಂಟಿಸುವ ಬದಲು ಆ ಮೂರು ಅಂಚನ್ನು ಕತ್ತರಿಸಿದರೆ ಸಾಲದೇ?

ಗ್ರೂಪ್ ಫೋಟೋ ಹೆಂಗೂ 12 ಇಂಚು ಅಗಲ, 8 ಇಂಚು ಎತ್ತರದ ರಟ್ಟಿನ ಮೇಲೆ ಬರುತ್ತೆ. ಕೆಳಗಡೆ ಶಾಲೆಯ ಹೆಸರು, ವರ್ಷ, ಸಾಲು ಸಾಲಾಗಿ ಮಕ್ಕಳ ಹೆಸರು. ಅದಕ್ಕೆ 3 ಇಂಚು ಬಿಟ್ಟುಕೊಟ್ಟರೆ ಫೋಟೋಗೆ ಉಳಿಯುವುದು 5 ಇಂಚು ಎತ್ತರ. ಅಂದರೆ ಮೇಲ್ಗಡೆ ಧಾರಾಳವಾಗಿ ಕತ್ತರಿಸಬಹುದು. ಕಡೇ ಸಾಲಿನ ತಲೆಗಿಂತ ಒಂದು ಗೇಣು ಮೇಲೆ ಕತ್ತರಿಸಿದರೆ ಹಗ್ಗ, ಒರೆಸುವ ಬಟ್ಟೆ, ಬ್ಯಾನರ್ ಮೂರೂ ಹೋದವು. ಬಲಗಡೆ ಕೊನೆಯಲ್ಲಿ ಕತ್ತರಿಸಿದರೆ ಡ್ರಮ್ಮು ಹೋಯಿತು. ಆಯಮ್ಮ ಡ್ರಮ್ಮಿಗಿಂತ ಒಳಗಡೆ ಇದ್ದಾರೆ, ಅವರು ಉಳಿದರು. ಎಡಗಡೆ ಬಲದಷ್ಟೇ ಕತ್ತರಿಸಿದರೆ ಬೈಕಿನ ಹಿಂಭಾಗ ಹೋಗಿ ಹ್ಯಾಂಡಲ್ ಮಾತ್ರ ಉಳಿಯುತ್ತೆ. ಅದರ ಹಿಂದೆ ಇರೋದು ಖಾಲಿ ಗೋಡೆ. ಪಕ್ಕದ ಗೋಡೆಯ ತುಂಡನ್ನೇ ತಂದು ಅದರ ಮೇಲೆ ಮೆತ್ತಿದರೆ ಸಾಕು, ಕ್ಲೋನ್ ಸ್ಟ್ಯಾಂಪ್ ಅಂತಾರಲ್ಲ ಅದು. ಕೂದಲಿನ ಗೊಡವೆಯೇ ಇಲ್ಲ. ಇನ್ನು ಮಧ್ಯದ ಬಾಗಿಲು. ಅದರೊಳಗಿನ ಕತ್ತಲೆಯನ್ನು ಇನ್ನಷ್ಟು ಕಪ್ಪು ಮಾಡಿದರೆ ಮುರಿದ ಬೆಂಚು ಮುಚ್ಚಿಹೋಗುತ್ತೆ. ಕಪ್ಪು ಕೂದಲಿನ ಪಕ್ಕ ಕಪ್ಪು ಸ್ವಲ್ಪ ಅತ್ತಿತ್ತ ಸರಿದರೂ ಯಾರಿಗೂ ಗೊತ್ತಾಗಲ್ಲ. ಪ್ರಭಾವಳಿ ಇಲ್ಲ, ಚಪ್ಪಟೆ ತಲೆ ಇಲ್ಲ.

ಕತ್ತರಿಸಿದರೆ ಪ್ರಿಂಟ್ ಹಾಳಾಗುತ್ತೆ ಅನ್ನೋ ಭಯ ಬೇಡ. 7.2 ಮೀಟರಿನಲ್ಲಿ 6.2 ಉಳಿಸಿಕೊಂಡರೆ 6000 ಪಿಕ್ಸೆಲ್ಲಿನಲ್ಲಿ 5100ಕ್ಕೂ ಹೆಚ್ಚು ಉಳಿಯುತ್ತೆ. 12 ಇಂಚಿಗೆ ಹಂಚಿದರೆ ಇಂಚಿಗೆ 400ಕ್ಕೂ ಮೇಲೆ. ಒಳ್ಳೆ ಪ್ರಿಂಟಿಗೆ 300 ಸಾಕು. ಆದರೆ ಇದು ಒರಿಜಿನಲ್ ಫೈಲಿನ ಲೆಕ್ಕ, ನೆನಪಿರಲಿ. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಬಂದ ಪ್ರೂಫಿನ ಅಗಲ ಸುಮಾರು 1600 ಪಿಕ್ಸೆಲ್ ಇರುತ್ತೆ. ಅದನ್ನೇ ಕತ್ತರಿಸಿ ಪ್ರಿಂಟ್ ಹಾಕಿದರೆ ಇಂಚಿಗೆ 115, ಮುಖಗಳೆಲ್ಲ ನೀರಲ್ಲಿ ನೆನೆದ ಅಕ್ಷರದ ಹಾಗಾಗುತ್ತೆ. "ನಮ್ಮ ಮನೆಯಲ್ಲೇ ಸರಿಮಾಡಿಕೊಂಡು ಕೊಡ್ತೀವಿ" ಅಂತ ಪೋಷಕರು ವಾಟ್ಸಾಪ್ ಫೋಟೋ ತಿದ್ದಲು ಹೊರಟರೆ ಆಗುವ ಎಡವಟ್ಟು ಇದೇ.

ಹೀಗಾಗಿ ಅಕ್ಕನಿಗೆ ಇನ್ನೊಂದು ಪತ್ರ ಬರೆಯೋಣ ಅಂದೆ. ಅವಳು ತಕ್ಷಣ ಒಪ್ಪಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಂಗೆ ಗೊತ್ತಾಗಲ್ಲ ಕಣೋ. ನಿಮ್ಮ ಭಾವನ ಆಫೀಸಿನವರು ತಮ್ಮ ಮಗಳ ಸ್ಕೂಲ್ ಫೋಟೋ ಸ್ಟೇಟಸ್ ಹಾಕಿದ್ರು. ಹಿಂದೆ ಹೇಗಿದೆ ಗೊತ್ತಾ, ಲಾನು, ಫೌಂಟನ್ನು. ನಮ್ಮದು ನೋಡಿದ್ರೆ ಒರೆಸೋ ಬಟ್ಟೆ" ಅಂದಳು. ಆಗ ಅರ್ಥ ಆಯಿತು. ಅವಳಿಗೆ ಬೇಡವಾಗಿದ್ದು ಬೈಕು, ಡ್ರಮ್ಮು ಅಲ್ಲ. ಆ ಶಾಲೆಗೆ ಮಗನನ್ನು ಹಾಕಿದ್ದೇವೆ ಅನ್ನೋದು ಫೋಟೋದಲ್ಲಿ ಕಾಣಬಾರದಿತ್ತು.

ಇದನ್ನು ಕೇಳಿ ನಾನು ನಗಲಿಲ್ಲ, ಯಾಕಂದರೆ ನನ್ನ ಹತ್ತಿರವೂ ಅಂಥದ್ದೊಂದು ಫೋಟೋ ಇದೆ. 2010ರಲ್ಲಿ ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸಿನದ್ದು. ಹಿಂದೆ ಹೆಂಚು ಜಾರಿದ ಮಾಡು, ಕಿತ್ತುಹೋದ ಗಾರೆ. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಎಲ್ಲರೂ ಹಳೇ ಫೋಟೋ ತೋರಿಸುವಾಗ ನಾನು ತೋರಿಸಿರಲಿಲ್ಲ. ಆಮೇಲೆ ಆ ಕಟ್ಟಡ ಕೆಡವಿ ಹೊಸದು ಕಟ್ಟಿದರು. ಈಗ ಆ ಫೋಟೋ ತೆಗೆದಾಗೆಲ್ಲ ನನ್ನ ಮುಖ ನೋಡೋದು ಎರಡು ಸೆಕೆಂಡು. ಅದು ಹೇಗಿತ್ತು ಅಂತ ಗೊತ್ತು ಬಿಡಿ. ಆಮೇಲೆ ಕಣ್ಣು ಹೋಗೋದು ಬಲಗಡೆ ಮೂಲೆಗೆ. ಅಲ್ಲಿ ಹೊಂಗೆ ಮರದ ಕೊಂಬೆಗೆ ಒಂದು ತುಂಡು ರೈಲು ಕಂಬಿ ನೇತು ಹಾಕಿದೆ. ಅದೇ ನಮ್ಮ ಗಂಟೆ. ಅದನ್ನು ಹೊಡೆಯೋಕೆ ನಾವು ಜಗಳ ಆಡ್ತಿದ್ದೆವು. ಮರವೂ ಈಗಿಲ್ಲ, ಕಂಬಿಯೂ ಇಲ್ಲ. ಅದು ಇತ್ತು ಅನ್ನೋದಕ್ಕೆ ನನ್ನ ಹತ್ತಿರ ಇರುವ ಒಂದೇ ಸಾಕ್ಷಿ ಆ ಫೋಟೋದ ಮೂಲೆ. ಯಾರಾದರೂ ಅವತ್ತು ಚೆಂದ ಕಾಣಲಿ ಅಂತ ಹಿಂದೆ ಫೌಂಟನ್ ಹಾಕಿಕೊಟ್ಟಿದ್ದರೆ?

ಅಕ್ಕನಿಗೆ ಇದನ್ನು ಹೇಳಿದೆ. ಮತ್ತೆ ಒಂದು ಪ್ರಶ್ನೆಯನ್ನೂ ಕೇಳಿದೆ. ಫೋಟೋದಲ್ಲಿ ನಿನಗೆ ಬೇಡ ಅನ್ನಿಸಿದ ಒಂದೊಂದನ್ನೂ ನೋಡು, ನಾಳೆ ಬೆಳಿಗ್ಗೆ ಮಗ ಶಾಲೆಗೆ ಹೋದಾಗ ಅದು ಅಲ್ಲಿ ಇರುತ್ತಾ? ಬೈಕು ಇರಲ್ಲ, ಯಾರೋ ಬಂದವರದ್ದು. ಹರಿದ ಬ್ಯಾನರ್, ಒರೆಸುವ ಬಟ್ಟೆ ಇವತ್ತು ಇರುತ್ತೆ, ನಾಳೆ ಇರಲ್ಲ. ಅವನ್ನು ತೆಗೆದರೆ ಯಾರಿಗೂ ನಷ್ಟವಿಲ್ಲ. ಹಳದಿ ಗೋಡೆ, ಸ್ಟೋರ್ ರೂಮಿನ ಬಾಗಿಲು, ಮೆಟ್ಟಿಲು ಇವೆಲ್ಲ ನಾಳೆಯೂ ಇರುತ್ತೆ. ಅವು ಗಲೀಜಲ್ಲ, ಶಾಲೆ. ಅವನ್ನು ತೆಗೆದ ಮೇಲೆ ಉಳಿಯೋದು 42 ಮಕ್ಕಳ ಮುಖಗಳೇ ಹೊರತು ಆ ಶಾಲೆಯ ಫೋಟೋ ಅಲ್ಲ. ಇನ್ನು ಮೆಟ್ಟಿಲ ಮೇಲೆ ಕೂತವರು ಯಾರು ಅಂತ ನಿನ್ನ ಮಗನನ್ನೇ ಕೇಳು ಅಂದೆ.

ಕೇಳಿದ್ದಾಳೆ. ಎರಡನೇ ಕ್ಲಾಸಿನಲ್ಲಿ ಅವನಿಗೆ ಜ್ವರ ಬಂದಾಗ, ಇವಳು ಹೋಗುವವರೆಗೂ ಪಕ್ಕದಲ್ಲಿ ಕೂರಿಸಿಕೊಂಡು ಹಣೆಗೆ ಒದ್ದೆ ಬಟ್ಟೆ ಹಾಕ್ತಿದ್ದವರು ಅವರೇ ಅಂತೆ. ಅಕ್ಕ ಅವತ್ತು ಅವರನ್ನು ನೋಡಿದ್ದಳು, ಥ್ಯಾಂಕ್ಸ್ ಕೂಡ ಹೇಳಿದ್ದಳು. ಫೋಟೋದಲ್ಲಿ ಗುರುತು ಸಿಕ್ಕಿರಲಿಲ್ಲ.

ಎರಡನೇ ಪತ್ರ ಹೀಗೆ ಹೋಯಿತು, ಈ ಸಲ ಹೆಡ್ ಮಿಸ್ ಅವರಿಗೂ ಒಂದು ಪ್ರತಿ:

"ನಮಸ್ಕಾರ ಸರ್. ಭಾನುವಾರವೂ ನಮಗಾಗಿ ಕೆಲಸ ಮಾಡಿದ್ದಕ್ಕೆ ಧನ್ಯವಾದ. ಹಿನ್ನೆಲೆ ಬದಲಿಸುವುದು ಬೇಡ, ಶಾಲೆಯ ಗೋಡೆಯೇ ಇರಲಿ. ಒರಿಜಿನಲ್ ಫೈಲಿನಲ್ಲಿ ಇಷ್ಟು ಮಾಡಲು ಸಾಧ್ಯವೇ ನೋಡಿ. ಮೇಲ್ಗಡೆ ಹಗ್ಗಕ್ಕಿಂತ ಕೆಳಗೆ ಕತ್ತರಿಸಿ, ಹೆಸರುಗಳಿಗೆ ಜಾಸ್ತಿ ಜಾಗ ಕೊಡಿ. ಬಲಗಡೆ ನೀಲಿ ಡ್ರಮ್ ಬಿಟ್ಟು ಕತ್ತರಿಸಿ, ಎಡಗಡೆಯೂ ಅಷ್ಟೇ. ಉಳಿಯುವ ಬೈಕಿನ ಹ್ಯಾಂಡಲ್ ಅಳಿಸಿ. ಬಾಗಿಲಿನ ಒಳಗೆ ಕಪ್ಪು ಮಾಡಿ. ಮೆಟ್ಟಿಲ ಮೇಲೆ ಕೂತಿರುವ ಆಯಮ್ಮ ಅವರು ಹಾಗೇ ಇರಲಿ, ಅವರ ಹೆಸರನ್ನೂ ಕೆಳಗೆ ಹಾಕಿ. ಎಲ್ಲಾ ಮಕ್ಕಳ ಪ್ರತಿಯೂ ಒಂದೇ ಥರ ಇರಲಿ. ಬೇರೆ ಪೋಷಕರ ಒಪ್ಪಿಗೆಯನ್ನು ಹೆಡ್ ಮಿಸ್ ಅವರು ಕೇಳಿ ನಿಮಗೆ ತಿಳಿಸುತ್ತಾರೆ."

ಕಡೇ ಎರಡು ವಾಕ್ಯ ಯಾಕೆ ಅಂದರೆ, ಆ ಫೋಟೋ 42 ಮನೆಗಳದ್ದು. ಒಬ್ಬ ತಾಯಿಗೆ ಗೋಡೆ ಇಷ್ಟವಿಲ್ಲ ಅಂತ ಎಲ್ಲರ ಗೋಡೆ ತೆಗೆಯೋದು ಸರಿಯಲ್ಲ. ಒಂದು ಮನೆಗೆ ಮಾತ್ರ ಪಾರ್ಕು, ಉಳಿದವರಿಗೆ ಗೋಡೆ ಅಂತ ಎರಡು ಥರ ಮಾಡೋದು ಇನ್ನೂ ಕೆಟ್ಟದ್ದು. ಇಪ್ಪತ್ತು ವರ್ಷ ಆದಮೇಲೆ ಇಬ್ಬರು ಗೆಳೆಯರು ತಮ್ಮ ತಮ್ಮ ಫೋಟೋ ಪಕ್ಕ ಪಕ್ಕ ಇಟ್ಟರೆ, ಒಬ್ಬನ ಬಾಲ್ಯ ಸುಳ್ಳಾಗಿರುತ್ತೆ.

ಫೋಟೋಗ್ರಾಫರ್ ಸಂಜೆಗೆ ಫೋನ್ ಮಾಡಿ, "ಮೇಡಂ, ಮೊದ್ಲೇ ಹೀಗೆ ಹೇಳಿದ್ರೆ ಅರ್ಧ ಗಂಟೆ ಕೆಲಸ ಇತ್ತು. ಮಧ್ಯಾಹ್ನದ ಊಟ ಬಿಟ್ಟು ಆ ಪಾರ್ಕ್ ಮಾಡ್ದೆ" ಅಂದರಂತೆ. ಜಾಸ್ತಿ ದುಡ್ಡು ಬೇಡ ಅಂದರಂತೆ. ಅವರ ಮಾತಿನಲ್ಲೇ ಪಾಠ ಇದೆ. ನಮ್ಮ ಆಫೀಸಿನಲ್ಲೂ ದಿನಾ ಇದೇ ಕಥೆ. ಕ್ಲೈಂಟ್ ತನಗೆ ಏನು ತೊಂದರೆ ಅಂತ ಹೇಳದೆ ಪರಿಹಾರ ತಾನೇ ಯೋಚಿಸಿ "ಇದನ್ನ ಮಾಡಿಕೊಡಿ" ಅಂತಾನೆ, ನಾವು ಊಟ ಬಿಟ್ಟು ಮಾಡ್ತೀವಿ, ಆಮೇಲೆ ಅದು ಅವನಿಗೆ ಬೇಡ. ಫೋಟೋಗ್ರಾಫರಿಗೆ ಬರೆಯುವಾಗಲೂ ಯಾವುದು ಕಣ್ಣಿಗೆ ಚುಚ್ಚುತ್ತಿದೆ ಅಂತ ಬರೆಯಿರಿ. ಅದನ್ನು ಹೇಗೆ ತೆಗೆಯೋದು ಅಂತ ಅವರಿಗೆ ಗೊತ್ತು.

ಹಿನ್ನೆಲೆ ಎಂದೂ ಬದಲಿಸಲೇಬಾರದು ಅಂತ ನನ್ನ ವಾದ ಅಲ್ಲ. ಐಡಿ ಕಾರ್ಡಿನ ಫೋಟೋಗೆ ಖಾಲಿ ಬಣ್ಣವೇ ಬೇಕು, ಅದಕ್ಕೆ ಮೊದಲೇ ಹಿಂದೆ ಬಟ್ಟೆ ಕಟ್ಟಿ ತೆಗೀತಾರೆ. ಮಕ್ಕಳ ಹಿಂದೆ ಯಾವುದೋ ಪಕ್ಷದ ಬ್ಯಾನರ್ ಬಂದಿದ್ದರೆ, ಶೌಚಾಲಯದ ಬಾಗಿಲು ತೆರೆದಿದ್ದರೆ ಖಂಡಿತ ತೆಗೆಯಿರಿ, ಆಗದಿದ್ದರೆ ಇನ್ನೊಂದು ದಿನ ಮತ್ತೆ ಫೋಟೋ ತೆಗೆಸಿ. ಆದರೆ ನಾಚಿಕೆಗೆ ಹೆದರಿ ಶಾಲೆಯನ್ನೇ ಅಳಿಸಬೇಡಿ. ಆ ನಾಚಿಕೆ ನಮ್ಮದು, ಮಗುವಿನದ್ದಲ್ಲ. ಅದಕ್ಕೆ ಬೇಕಿದ್ದದ್ದು ಆಯಮ್ಮ.

ನಿನ್ನೆ ಹೊಸ ಪ್ರೂಫ್ ಬಂತು. ಹಳದಿ ಗೋಡೆ, ಕಪ್ಪು ಬಾಗಿಲು, ಎರಡೂ ಜಡೆಗೆ ಕೆಂಪು ಟೇಪು. ಕೊನೆಯಲ್ಲಿ ಮೆಟ್ಟಿಲ ಮೇಲೆ ಆಯಮ್ಮ, ಕೆಳಗೆ ಅವರ ಹೆಸರು. ಮೂರು ವರ್ಷದಿಂದ ಆ ಶಾಲೆಗೆ ಹೋಗಿಬರುತ್ತಿರುವ ಅಕ್ಕನಿಗೆ ಆ ಹೆಸರು ಗೊತ್ತಾಗಿದ್ದೇ ಈಗ. ಪೊರಕೆಯೂ ಪಕ್ಕದಲ್ಲೇ ಇದೆ. ಅಕ್ಕ ಅದನ್ನು ನೋಡಿ, "ಪೊರಕೆ ಒಂದು ತೆಗೆಸಬಹುದಿತ್ತೇನೋ" ಅಂದಳು. ನಾನು ಫೋನ್ ಇಟ್ಟುಬಿಟ್ಟೆ.

ನಿಮ್ಮ ಮನೆಯಲ್ಲೂ ಅಟ್ಟದ ಮೇಲೆ ಒಂದು ಗ್ರೂಪ್ ಫೋಟೋ ಇದ್ದೇ ಇರುತ್ತೆ. ಒಮ್ಮೆ ಕೆಳಗಿಳಿಸಿ ಧೂಳು ಒರೆಸಿ, ನಿಮ್ಮನ್ನು ಬಿಟ್ಟು ಹಿಂದೆ ಮೂಲೆಯಲ್ಲಿ ಏನಿದೆ ಅಂತ ನೋಡಿ. ಏನು ಸಿಕ್ಕಿತು ಅಂತ ನನಗೂ ತಿಳಿಸ್ತೀರಲ್ಲ?